ಆ ಹೆಚ್ಚುವರಿ ಕೆಲಸ ಯಾರ ಬಾಯಿಂದ ಬಂತು?

ತುಮಕೂರಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್‌ಗಳ ಪಿಎಂಪಿ ಪರೀಕ್ಷೆ ಬರೆಯುವವರಿಗೆ ಭಾನುವಾರ ಪಾಠ ಹೇಳುತ್ತೇನೆ. ಬರುವವರಲ್ಲಿ ವಸಂತನರಸಾಪುರದ ಕಾರ್ಖಾನೆಗಳವರೂ ಇದ್ದಾರೆ, ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಸಾಫ್ಟ್‌ವೇರ್‌ನವರೂ ಇದ್ದಾರೆ. ಲೆಕ್ಕದ ಪ್ರಶ್ನೆಗಳನ್ನು ಸಲೀಸಾಗಿ ಬಿಡಿಸುತ್ತಾರೆ. ಆದರೆ ಒಪ್ಪಂದದಲ್ಲಿಲ್ಲದ ಕೆಲಸ ಸೇರಿಕೊಂಡ ಕೇಸ್ ಕೊಟ್ಟು, ಅದರ ಹೆಸರೇನು ಅಂತ ಕೇಳಿ, ಆಯ್ಕೆಗಳಲ್ಲಿ ಸ್ಕೋಪ್ ಕ್ರೀಪ್, ಗೋಲ್ಡ್ ಪ್ಲೇಟಿಂಗ್ ಎರಡೂ ಬಂದರೆ ಕ್ಲಾಸು ಎರಡು ಪಕ್ಷ ಆಗುತ್ತದೆ. "ಸಾರ್, ಖರ್ಚು ಜಾಸ್ತಿ ಆಯ್ತಲ್ಲ, ಹಾಗಾಗಿ ಕ್ರೀಪ್" ಅಂತ ಒಬ್ಬರು. "ಕಸ್ಟಮರ್ ಖುಷಿಯಾದ್ರಲ್ಲ, ಹಾಗಾಗಿ ಗೋಲ್ಡ್ ಪ್ಲೇಟಿಂಗ್" ಅಂತ ಇನ್ನೊಬ್ಬರು. ಖರ್ಚು, ಖುಷಿ ಎರಡನ್ನೂ ಪಕ್ಕಕ್ಕಿಡಿ. ಅವುಗಳಿಂದ ಏನೂ ತೀರ್ಮಾನ ಆಗುವುದಿಲ್ಲ.

ನಾನು ಕ್ಲಾಸಿನಲ್ಲಿ ಕೊಡುವ ಒಂದು ಕಟ್ಟುಕೇಸ್ ಇದೆ. ಕೋಲಾರದ ಟೊಮೆಟೊ ಮಾರುಕಟ್ಟೆಯ ಮಂಡಿಯೊಂದಕ್ಕೆ ಬಿಲ್ಲಿಂಗ್ ಸಾಫ್ಟ್‌ವೇರ್ ಬೇಕು. ರೈತ ತಂದ ಬಾಕ್ಸ್ ಎಷ್ಟು, ಹರಾಜಿನಲ್ಲಿ ಕೂಗಿದ ರೇಟು ಎಷ್ಟು, ಏನೇನು ಕಡಿತ, ಕೈಗೆ ಎಷ್ಟು. ಇಷ್ಟನ್ನು ಚೀಟಿಯಲ್ಲಿ ಪ್ರಿಂಟ್ ಮಾಡಬೇಕು. ಒಪ್ಪಂದದಲ್ಲಿರುವುದು ಅಷ್ಟೇ.

ಅರ್ಧ ಕೆಲಸ ಆದಾಗ ಮಂಡಿಯ ರೈಟರ್ ನೇರವಾಗಿ ಪ್ರೋಗ್ರಾಮರ್‌ಗೆ ಫೋನ್ ಮಾಡುತ್ತಾರೆ. "ಹಂಗೇ ರೈತರ ಮೊಬೈಲ್‌ಗೂ ಒಂದು ಮೆಸೇಜ್ ಹೋಗಂಗೆ ಮಾಡ್ಬಿಡಪ್ಪ." ಹುಡುಗ "ಆಯ್ತಣ್ಣ" ಅಂತ ಶುರು ಮಾಡುತ್ತಾನೆ. ಕೋಡ್ ಬರೆಯುವುದು ದೊಡ್ಡ ವಿಷಯವಲ್ಲ. ಆದರೆ ನಮ್ಮಲ್ಲಿ ವ್ಯವಹಾರದ ಎಸ್ಎಂಎಸ್ ಕಳಿಸಬೇಕಾದರೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ಬೇಕು, ಮೆಸೇಜಿನ ನಮೂನೆಗೆ ಮೊದಲೇ ಒಪ್ಪಿಗೆ ಬೇಕು, ಪ್ರತಿ ಮೆಸೇಜಿಗೂ ದುಡ್ಡು. ಹರಾಜಿನ ಗಡಿಬಿಡಿಯಲ್ಲಿ ರೈತರ ನಂಬರ್ ಕೇಳಿ ಬರೆದುಕೊಳ್ಳುವವರು ಯಾರು? ಇದನ್ನೆಲ್ಲ ಯಾರೂ ಲೆಕ್ಕ ಹಾಕಿಲ್ಲ. ದಿನಾಂಕ ಹಳೆಯದೇ, ಬಜೆಟ್ಟೂ ಹಳೆಯದೇ. ಇದು ಸ್ಕೋಪ್ ಕ್ರೀಪ್. ಬೇಡಿಕೆ ಹೊರಗಿನಿಂದ ಬಂತು, ಸಮಯ ಮತ್ತು ಖರ್ಚನ್ನು ಸರಿಹೊಂದಿಸದೆ ಒಳಗೆ ಸೇರಿಕೊಂಡಿತು.

ಈಗ ರೈಟರ್ ಫೋನನ್ನು ಕೇಸಿನಿಂದ ತೆಗೆದುಹಾಕಿ. ಯಾರೂ ಕೇಳಿಲ್ಲ. ಹುಡುಗನೇ ಒಂದು ರಾತ್ರಿ ಕೂತು, ತಿಂಗಳ ರೇಟು ಏರಿಳಿದದ್ದನ್ನು ತೋರಿಸುವ ಬಣ್ಣದ ಗ್ರಾಫ್ ಸೇರಿಸುತ್ತಾನೆ. ದುಡ್ಡು ಕೇಳಲಿಲ್ಲ, ತಡವೂ ಆಗಲಿಲ್ಲ, ಮಂಡಿ ಮಾಲೀಕರು ಬೆನ್ನು ತಟ್ಟಿದರು. ಆದರೂ ಇದು ಗೋಲ್ಡ್ ಪ್ಲೇಟಿಂಗ್, ಮತ್ತು ಪರೀಕ್ಷೆ ನಡೆಸುವ ಪಿಎಂಐ ದೃಷ್ಟಿಯಲ್ಲಿ ತಪ್ಪೇ. ಇಲ್ಲೇ ನನ್ನ ಜನ ಜಗಳಕ್ಕೆ ಬರುತ್ತಾರೆ. "ಪುಕ್ಕಟೆ ಕೊಟ್ರೂ ತಪ್ಪಾ ಸಾರ್?" ಹೌದು. ಆ ಗ್ರಾಫನ್ನು ಪರೀಕ್ಷಿಸಬೇಕು, ನಾಳೆ ಕೆಟ್ಟರೆ ಸರಿಮಾಡಬೇಕು, ಅದರಿಂದ ಬಿಲ್ ಪ್ರಿಂಟ್ ನಿಧಾನವಾದರೆ ಬೈಗುಳ ತಂಡಕ್ಕೇ. ಹುಡುಗನ ಉತ್ಸಾಹ ನನಗೂ ಇಷ್ಟವೇ. ಪರೀಕ್ಷೆ ಮಾತ್ರ ಅದಕ್ಕೆ ಅಂಕ ಕೊಡುವುದಿಲ್ಲ.

ಹಾಗಾಗಿ ಕೇಸ್ ಓದುವಾಗ ಮೊದಲು ಹುಡುಕಬೇಕಾದದ್ದು ಒಪ್ಪಿಗೆ. ಚೇಂಜ್ ರಿಕ್ವೆಸ್ಟ್ ಹಾಕಿ, ಪರಿಣಾಮ ಅಳೆದು, ಬದಲಾವಣೆ ಬೇಕೋ ಬೇಡವೋ ಅಂತ ತೀರ್ಮಾನಿಸುವ ಚೇಂಜ್ ಕಂಟ್ರೋಲ್ ಬೋರ್ಡ್ ಒಪ್ಪಿದೆ ಅಂತಿದ್ದರೆ ಅದು ಎರಡೂ ಅಲ್ಲ. ಕೆಲಸ ಎಷ್ಟೇ ಹಿಗ್ಗಿದ್ದರೂ ಅದು ಬರೀ ಬದಲಾವಣೆ. ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡುವ ಅಜೈಲ್ ಕೇಸಿನಲ್ಲಿ, ಯಾವುದು ಮೊದಲು ಅಂತ ನಿರ್ಧರಿಸುವ ಪ್ರಾಡಕ್ಟ್ ಓನರ್, ಮಾಡಬೇಕಾದ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗಿಗೆ ಹೊಸದನ್ನು ಸೇರಿಸಿ ಆದ್ಯತೆ ಬದಲಿಸಿದರೂ ಅಷ್ಟೇ, ಕ್ರೀಪ್ ಅನ್ನಬೇಡಿ. ಒಪ್ಪಿಗೆ ಇಲ್ಲ ಅಂತಾದ ಮೇಲೆ ಮಾತ್ರ ಅದು ಯಾರ ಬಾಯಿಂದ ಬಂತು ಅಂತ ನೋಡಿ.

ಕೆಲವು ಕೇಸುಗಳು ಬೇಕಂತಲೇ ಕಲಸಿರುತ್ತವೆ. ಹುಡುಗ "ಗ್ರಾಫ್ ಹಾಕ್ಲಾ?" ಅಂತ ಕೇಳಿದ, ರೈಟರ್ "ಹಾಕು" ಅಂದರು. ಆಸೆ ತಂಡದ್ದು, ಹೂಂ ಅಂದವರು ಗ್ರಾಹಕರ ಕಡೆಯವರು. ನಾನಾದರೆ ಸ್ಕೋಪ್ ಕ್ರೀಪ್ ಕಡೆ ವಾಲುತ್ತೇನೆ. ಗ್ರಾಹಕರ ಕಡೆಯಿಂದ ಬಾಯಿಮಾತಿನ ಒಪ್ಪಿಗೆ ಬಂದಮೇಲೆ ಅದು ಯಾರೂ ಕೇಳದ ಉಡುಗೊರೆಯಾಗಿ ಉಳಿಯುವುದಿಲ್ಲ. ಆದರೆ ಇದನ್ನು ಕಟ್ಟುನಿಟ್ಟಿನ ನಿಯಮ ಅಂದುಕೊಳ್ಳಬೇಡಿ. ಗೋಲ್ಡ್ ಪ್ಲೇಟಿಂಗನ್ನು ಕ್ರೀಪಿನದೇ ಒಂದು ಬಗೆ ಅನ್ನುವವರೂ ಇದ್ದಾರೆ. ಎರಡೂ ಆಯ್ಕೆಗಳು ಎದುರಿದ್ದು, ಕೇಸಿನಲ್ಲಿ "ತಂಡದ ಸದಸ್ಯ ತಾನಾಗಿ ಸೇರಿಸಿದ" ಅಂತ ಸ್ಪಷ್ಟವಾಗಿದ್ದರೆ, ಗೋಲ್ಡ್ ಪ್ಲೇಟಿಂಗ್ ಅನ್ನುವ ಕಿರಿದಾದ ಹೆಸರನ್ನೇ ಆರಿಸಿ.

ಇನ್ನು ಹೆಸರು ಕೇಳದೆ "ಮ್ಯಾನೇಜರ್ ಮೊದಲು ಏನು ಮಾಡಬೇಕು" ಅಂತ ಕೇಳುವ ಪ್ರಶ್ನೆಗಳಿವೆ. ಎಸ್ಎಂಎಸ್ ಕೆಲಸ ಇನ್ನೂ ಶುರುವಾಗಿಲ್ಲದಿದ್ದರೆ ಪರಿಣಾಮ ಅಳೆದು ಚೇಂಜ್ ರಿಕ್ವೆಸ್ಟ್ ದಾರಿಗೆ ತನ್ನಿ. ಮುಖಕ್ಕೆ ಹೊಡೆದಂತೆ "ಆಗಲ್ಲ" ಅನ್ನುವ ಆಯ್ಕೆ ಸಾಮಾನ್ಯವಾಗಿ ತಪ್ಪು. ಗ್ರಾಫ್ ಆಗಲೇ ಒಳಗೆ ಕೂತಿದ್ದರೂ ಹುಡುಗನನ್ನು ಬೈಯುವುದು, ಗುಟ್ಟಾಗಿ ತೆಗೆಸುವುದು, ಸುಮ್ನೆ ಬಿಟ್ಟುಬಿಡುವುದು ಯಾವುದೂ ಉತ್ತರವಲ್ಲ. ಮೊದಲು ಅವನ ಜೊತೆ ಕೂತು ಅದು ಏನೇನನ್ನು ಮುಟ್ಟಿದೆ ಅಂತ ನೋಡಿ. ಆಮೇಲೆ ಮಂಡಿ ಮಾಲೀಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಉಳಿಸಬೇಕು ಅಂತ ಅವರು ಹೇಳಿದರೆ, ಚೇಂಜ್ ರಿಕ್ವೆಸ್ಟ್ ಅರ್ಜಿಯನ್ನು ಆಗ ತುಂಬಿಸಿ.