ಪದ ಪರಿಚಯ: ಡಿಮ್ಮಬಲ್

ಬಲ್ಬಿನ ಡಬ್ಬದ ಮೇಲೆ ‘ಡಿಮ್ಮಬಲ್’ ಎಂದು ಬರೆದಿದ್ದರೆ, ಡಿಮ್ಮರ್ ಗುಂಡಿ ತಿರುಗಿಸಿ ಅದರ ಬೆಳಕನ್ನು ಕಡಿಮೆ ಮಾಡಬಹುದು ಎಂದರ್ಥ. ಆದರೆ ಯಾವ ಡಿಮ್ಮರ್ ಎಂಬುದನ್ನು ಆ ಪದ ಹೇಳುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲೇ.

ಸೋಮವಾರಪೇಟೆ ಹತ್ತಿರ ಕಾಫಿ ತೋಟದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯ ಹಾಲ್‌ನಲ್ಲಿ ಹಳೇ ಡಿಮ್ಮರ್ ಒಂದಿತ್ತು. ಅದಕ್ಕೆ 60 ವ್ಯಾಟ್‌ನ ನಾಲ್ಕು ತಂತಿ ಬಲ್ಬುಗಳು, ಒಟ್ಟು 240 ವ್ಯಾಟ್. ಹೋದ ಮಳೆಗಾಲಕ್ಕೆ ಮುಂಚೆ ಅವನ್ನು ತೆಗೆದು 7 ವ್ಯಾಟ್‌ನ ನಾಲ್ಕು ಎಲ್‌ಇಡಿ ಹಾಕಿದರು. ಡಬ್ಬದ ಮೇಲೆ ಡಿಮ್ಮಬಲ್ ಎಂದೇ ಇತ್ತು. ಗುಂಡಿ ಅರ್ಧಕ್ಕೆ ಬಂದರೆ ಸಾಕು, ಬೆಳಕು ಪಟಪಟ ಮಿನುಗುತ್ತಿತ್ತು, ಬಲ್ಬುಗಳಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಮಳೆ ಬಿಟ್ಟ ರಾತ್ರಿ ತೋಟದ ಮನೆ ಎಷ್ಟು ನಿಶ್ಶಬ್ದ ಅಲ್ವಾ, ಆ ಸದ್ದು ಕೋಣೆಯ ತುಂಬ ಕೇಳುತ್ತಿತ್ತು. “ಬಲ್ಬು ಸರಿ ಇಲ್ಲ ಕಣೋ, ವಾಪಸ್ ಕೊಟ್ಟು ಬಾ” ಎಂದರು ಚಿಕ್ಕಮ್ಮ. ಬಲ್ಬು ಸರಿಯಾಗೇ ಇತ್ತು.

ಡಿಮ್ಮರ್ ಮಾಡುವ ಕೆಲಸ ಹೀಗಿದೆ. ನಮ್ಮ ಮನೆಯ ಕರೆಂಟು ಅಲೆ ಅಲೆಯಾಗಿ ಬರುತ್ತದೆ, ಸೆಕೆಂಡಿಗೆ 100 ಅರ್ಧ ಅಲೆಗಳು. ಹಳೇ ಡಿಮ್ಮರಿನೊಳಗೆ ಟ್ರಯಾಕ್ ಎಂಬ ಬಿಡಿಭಾಗ ಇರುತ್ತದೆ. ಅದು ಪ್ರತಿ ಅರ್ಧ ಅಲೆಯ ಶುರುವಿನ ಭಾಗವನ್ನು ತಡೆದು, ಉಳಿದಿದ್ದನ್ನು ತಟ್ಟನೆ ಬಿಡುತ್ತದೆ. ಜಾಸ್ತಿ ತಡೆದಷ್ಟೂ ಬೆಳಕು ಕಡಿಮೆ. ಇದಕ್ಕೆ ಲೀಡಿಂಗ್ ಎಡ್ಜ್ ಡಿಮ್ಮರ್ ಎನ್ನುತ್ತಾರೆ. ತಂತಿ ಬಲ್ಬಿಗೆ ಇದರಿಂದ ಏನೂ ಆಗುವುದಿಲ್ಲ. ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ, ಮಧ್ಯದ ಬಿಡುವು ಕಣ್ಣಿಗೆ ಗೊತ್ತಾಗುವುದಿಲ್ಲ.

ಎಲ್‌ಇಡಿ ಹಾಗಲ್ಲ. ಅದರ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇದೆ. ಟ್ರಯಾಕ್ ತಟ್ಟನೆ ಬಿಟ್ಟ ಕರೆಂಟು ಅದಕ್ಕೆ ಸೆಕೆಂಡಿಗೆ 100 ಸಲ ಏಟಿನ ಹಾಗೆ ಬೀಳುತ್ತದೆ. ಒಳಗಿನ ಕಾಯಿಲ್, ಕೆಪಾಸಿಟರ್‌ಗಳು ಅದರ ತಾಳಕ್ಕೆ ಅದುರುತ್ತವೆ. ಗುಂಯ್ ಎನ್ನುವುದು ಆ ಅದುರು.

ಮಿನುಗಿಗೆ ಕಾರಣ ಬೇರೆ. ಟ್ರಯಾಕ್ ತೆರೆದೇ ಇರಬೇಕಾದರೆ ಅದರ ಮೂಲಕ ಒಂದಿಷ್ಟು ಕರೆಂಟು ಹರಿಯುತ್ತಲೇ ಇರಬೇಕು. ಅದು ಕಡಿಮೆಯಾದರೆ ಟ್ರಯಾಕ್ ಅಲೆಯ ಮಧ್ಯದಲ್ಲೇ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ. ಚಿಕ್ಕಮ್ಮನ ಡಿಮ್ಮರಿನ ಹಿಂದೆ ‘60–400 ವ್ಯಾಟ್’ ಎಂದು ಬರೆದಿತ್ತು. ಅಂದರೆ ಕನಿಷ್ಠ 60 ವ್ಯಾಟ್ ಲೋಡ್ ಬೇಕು. ನಾಲ್ಕು ಎಲ್‌ಇಡಿ ಸೇರಿದರೂ 28 ವ್ಯಾಟ್ ಅಷ್ಟೇ.

ಹಾಗಾದರೆ ಇನ್ನೂ ಐದು ಬಲ್ಬು ಹಾಕಿದರೆ ಆಯ್ತಲ್ಲ ಅನ್ನಿಸಬಹುದು. ಆಗಲ್ಲ. ಆ ಏಟಿನಿಂದಾಗಿ ಎಲ್‌ಇಡಿಯ ಹೊರೆ ಅದರ ವ್ಯಾಟ್ ಹೇಳುವುದಕ್ಕಿಂತ ತುಂಬಾ ಜಾಸ್ತಿ. ಹಾಗಾಗಿ ಇಂಥ ಡಿಮ್ಮರಿಗೆ ಬರೆದ ವ್ಯಾಟ್‌ನ ಹತ್ತನೇ ಒಂದು ಭಾಗದಷ್ಟು ಎಲ್‌ಇಡಿ ಮಾತ್ರ ಹಾಕಬೇಕು ಎಂಬುದು ಕೆಲಸಗಾರರ ಅಂದಾಜು ಲೆಕ್ಕ. 400ಕ್ಕೆ 40. ಕೆಳಗೆ 60 ಬೇಕು, ಮೇಲೆ 40 ದಾಟಬಾರದು. ಈ ಡಿಮ್ಮರಿನಲ್ಲಿ ಎಲ್‌ಇಡಿಗೆ ಜಾಗವೇ ಇಲ್ಲ!

ಅನುಮಾನ ಇದ್ದರೆ ಒಂದು ಸುಲಭದ ಪರೀಕ್ಷೆ ಇದೆ. ನಾಲ್ಕರಲ್ಲಿ ಒಂದು ಎಲ್‌ಇಡಿ ತೆಗೆದು ಅಲ್ಲಿ ಹಳೇ 60 ವ್ಯಾಟ್ ತಂತಿ ಬಲ್ಬು ಹಾಕಿ. ಮಿನುಗು ನಿಂತರೆ ಲೋಡ್ ಸಾಲದ್ದೇ ಕಾರಣ. ನಾವು ಹಾಕಿ ನೋಡಿದೆವು, ನಿಂತಿತು. ಗುಂಡಿಯನ್ನು ಪೂರ್ತಿ ತಿರುಗಿಸಿದಾಗಲೂ ಮಿನುಗಿದರೆ ಡಿಮ್ಮರ್ ಮೇಲೆ ತಪ್ಪು ಹೊರಿಸುವ ಮುಂಚೆ ಹೋಲ್ಡರ್ ಸಡಿಲವೇ ನೋಡಿ. ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ತಾಗಿ ವೋಲ್ಟೇಜ್ ಕುಣಿದರೆ ಮನೆಯ ಎಲ್ಲ ದೀಪಗಳೂ ಒಟ್ಟಿಗೆ ಮಿನುಗುತ್ತವೆ. ಅದು ಬೇರೆ ಕಥೆ.

ಎಲ್‌ಇಡಿಗೆ ಹೊಂದುವುದು ಟ್ರೇಲಿಂಗ್ ಎಡ್ಜ್ ಡಿಮ್ಮರ್. ಅದು ಅಲೆಯ ಶುರುವನ್ನು ಹಾಗೇ ಬಿಟ್ಟು ಕೊನೆಯನ್ನು ಕತ್ತರಿಸುತ್ತದೆ. ಕರೆಂಟು ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಏಟು ಇಲ್ಲ, ಸದ್ದೂ ತುಂಬಾ ಕಡಿಮೆ. ಕೊಳ್ಳುವಾಗ ಅದರ ಕನಿಷ್ಠ ವ್ಯಾಟ್ ನೋಡಿ. ನಮಗೆ ಸಿಕ್ಕಿದ್ದು 5 ವ್ಯಾಟ್‌ನಿಂದ ಶುರುವಾಗುವಂಥದ್ದು. ಡಿಮ್ಮಬಲ್ ಅಲ್ಲದ ಬಲ್ಬಿಗೆ ಇದೂ ಉಪಯೋಗವಿಲ್ಲ. ಅಂಥ ಬಲ್ಬಿನ ಡ್ರೈವರ್ ಸಾಮಾನ್ಯವಾಗಿ ಎಷ್ಟು ತಡೆದರೂ ಬೆಳಕನ್ನು ಹಾಗೇ ಹಿಡಿದಿಡಲು ಒದ್ದಾಡಿ, ಕೊನೆಗೆ ಮಿನುಗುತ್ತದೆ ಇಲ್ಲವೇ ಒಮ್ಮೆಗೇ ಆರುತ್ತದೆ. ಒಂದು ಡಿಮ್ಮರಿಗೆ ಒಂದೇ ಕಂಪನಿಯ ಒಂದೇ ಮಾದರಿಯ ಬಲ್ಬುಗಳನ್ನೇ ಹಾಕಿ, ಇಲ್ಲದಿದ್ದರೆ ಒಂದು ಆರಿದ ಮೇಲೂ ಇನ್ನೊಂದು ಉರಿಯುತ್ತಿರುತ್ತದೆ.

ಮೇನ್ ಆಫ್ ಮಾಡಿ ವೈರಿಂಗ್‌ನವರು ಹೊಸದನ್ನು ಕೂರಿಸಿದರು. ಆದರೂ ಗುಂಡಿ ತೀರಾ ಕೆಳಗಿದ್ದಾಗ ಸ್ವಲ್ಪ ಮಿನುಗು ಉಳಿದಿತ್ತು. ಅದರ ಪಕ್ಕದಲ್ಲಿ ಕನಿಷ್ಠ ಬೆಳಕನ್ನು ಹೊಂದಿಸುವ ಪುಟ್ಟ ತಿರುಪು ಇತ್ತು. ಮಿನುಗು ನಿಲ್ಲುವ ತನಕ ಅದನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿ, ಅಲ್ಲೇ ಬಿಟ್ಟರು.