ನೂರರಲ್ಲಿ ಎರಡು ಪಾಲು: ಆಲ್ಫಾ ಹೊರಟಾಗ ಹಿಂದೆ ಸರಿಯುವ ನ್ಯೂಕ್ಲಿಯಸ್

ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನಾನು ಉತ್ತರ ಪತ್ರಿಕೆಗಳಲ್ಲಿ ಒಂದೇ ತಪ್ಪನ್ನು ಪದೇ ಪದೇ ಕಾಣುತ್ತೇನೆ. ಆಲ್ಫಾ ಕ್ಷಯದಲ್ಲಿ, ಅಂದರೆ ಭಾರವಾದ ನ್ಯೂಕ್ಲಿಯಸ್ ಒಂದು ಆಲ್ಫಾ ಕಣವನ್ನು, ಎಂದರೆ ಹೀಲಿಯಂ ನ್ಯೂಕ್ಲಿಯಸ್ಸನ್ನು, ಹೊರದೂಡುವಾಗ ಬಿಡುಗಡೆಯಾದ ಶಕ್ತಿಯನ್ನು ಮಕ್ಕಳು ಸರಿಯಾಗಿಯೇ ಲೆಕ್ಕ ಹಾಕುತ್ತಾರೆ. ಆಮೇಲೆ ಅದಷ್ಟನ್ನೂ ಆಲ್ಫಾ ಕಣದ ಕೈಗೆ ಕೊಟ್ಟುಬಿಡುತ್ತಾರೆ. ಹಿಂದೆ ಉಳಿದ ನ್ಯೂಕ್ಲಿಯಸ್‌ಗೂ ಒಂದು ಪಾಲಿದೆ ಎಂಬುದು ಅವರಿಗೆ ನೆನಪಾಗುವುದಿಲ್ಲ. ಅದು ನೂರರಲ್ಲಿ ಹೆಚ್ಚುಕಡಿಮೆ ಎರಡು ಪಾಲು, ಅಷ್ಟೆ. ಆದರೆ ಆ ಎರಡು ಪಾಲಿನ ಗುರುತು ಪ್ರಯೋಗಶಾಲೆಯಲ್ಲಿ ಸಿಕ್ಕಿದ್ದು ಅದಕ್ಕೊಂದು ಹೆಸರು ಸಿಗುವ ಮೊದಲೇ.

1904ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರುದರ್‌ಫರ್ಡ್ ಅವರ ಶಿಷ್ಯೆ ಹ್ಯಾರಿಯೆಟ್ ಬ್ರೂಕ್ಸ್ ರೇಡಿಯಂನಿಂದ ಬಂದ ವಿಕಿರಣಶೀಲ ಲೇಪವನ್ನು ಪರೀಕ್ಷಿಸುತ್ತಿದ್ದರು. ಲೇಪವಿದ್ದ ಲೋಹವನ್ನು ಪಾತ್ರೆಯಿಂದ ಹೊರತೆಗೆದ ಮೇಲೂ ಪಾತ್ರೆಯಲ್ಲಿ ಸ್ವಲ್ಪ ವಿಕಿರಣಶೀಲತೆ ಉಳಿದುಕೊಳ್ಳುತ್ತಿತ್ತು. ಲೇಪದಲ್ಲಿದ್ದ ಯಾವುದೋ ವಸ್ತು ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗಿ ಗೋಡೆಗೆ ಅಂಟುತ್ತಿದೆ ಎಂದು ಅವರು ಬರೆದರು. ಅಂದಿನ ತಿಳಿವಳಿಕೆಯಲ್ಲಿ ಅದು ಸಹಜವಾದ ಊಹೆ. ಅವರು ನೋಡಿದ್ದು ನಿಜವೇ ಆಗಿತ್ತು, ಕಾರಣ ಮಾತ್ರ ಬೇರೆ ಇತ್ತು. ವಸ್ತು ಆವಿಯಾಗಿರಲಿಲ್ಲ, ಒದೆತಕ್ಕೆ ಸಿಕ್ಕಿ ಹಾರಿತ್ತು.

ಒದೆತ ಎಲ್ಲಿಂದ ಬಂತು ಎನ್ನುವುದನ್ನು ಆನೆಗುಂದಿಯ ಹೊಳೆದಂಡೆಯಲ್ಲಿ ನಿಂತವರಿಗೆ ಹೇಳಿಕೊಡಬೇಕಾಗಿಲ್ಲ. ಖಾಲಿ ಹರಿಗೋಲಿನಿಂದ ಒಬ್ಬ ದಡಕ್ಕೆ ಜಿಗಿದರೆ ಹರಿಗೋಲು ತುಂಗಭದ್ರೆಯ ಒಳಕ್ಕೆ ಸರಿಯುತ್ತದೆ. ಜನ ತುಂಬಿದ ಹರಿಗೋಲಾದರೆ ಅಲುಗಿದಂತೆ ಕಾಣುವುದೇ ಕಷ್ಟ. ನಿಂತಿರುವ ನ್ಯೂಕ್ಲಿಯಸ್‌ನ ಸಂವೇಗ ಸೊನ್ನೆ. ಅದು ಒಡೆದ ಮೇಲೂ ಒಟ್ಟು ಸಂವೇಗ ಸೊನ್ನೆಯಾಗಿಯೇ ಇರಬೇಕು. ಆದ್ದರಿಂದ ಎರಡು ತುಂಡುಗಳ ಸಂವೇಗ ಸಮವಾಗಿರುತ್ತದೆ, ದಿಕ್ಕು ಮಾತ್ರ ಎದುರುಬದುರು. ಇಲ್ಲಿ ಮಕ್ಕಳು ಎಡವುವುದು ಒಂದೇ ಕಡೆ: ಸಂವೇಗ ಸಮವಾದರೆ ಶಕ್ತಿಯೂ ಸಮವೆಂದು ತಿಳಿಯುತ್ತಾರೆ. ಚಲನಶಕ್ತಿ p²/2m, ಇಲ್ಲಿ p ಸಂವೇಗ, m ದ್ರವ್ಯರಾಶಿ. p ಎರಡಕ್ಕೂ ಒಂದೇ ಆಗಿರುವುದರಿಂದ ಶಕ್ತಿ ದ್ರವ್ಯರಾಶಿಗೆ ವಿಲೋಮವಾಗಿ ಹಂಚಿಕೆಯಾಗುತ್ತದೆ. ಹಗುರವಾದದ್ದಕ್ಕೆ ಹೆಚ್ಚು, ಭಾರವಾದದ್ದಕ್ಕೆ ಕಡಿಮೆ.

ಬ್ರೂಕ್ಸ್ ಅವರ ಲೇಪವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆಗ ರೇಡಿಯಂ-ಎ ಎನ್ನುತ್ತಿದ್ದುದು ಇಂದಿನ ಪೊಲೋನಿಯಂ-218. ಇದರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ತಗಲುವ ಕಾಲ, ಸುಮಾರು 3 ನಿಮಿಷ. ಇದು ಆಲ್ಫಾ ಕಣವನ್ನು ಹೊರದೂಡಿ ಆಗಿನ ರೇಡಿಯಂ-ಬಿ, ಅಂದರೆ ಸೀಸ-214 ಆಗುತ್ತದೆ. ಬಿಡುಗಡೆಯಾಗುವ ಒಟ್ಟು ಶಕ್ತಿ Q 6.115 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್.

ಆಲ್ಫಾ ಕಣದ ಪಾಲು: 6.115 × 214/218 = 6.003
ಸೀಸದ ಪಾಲು: 6.115 × 4/218 = 0.112

ವೇಗವನ್ನೂ ನೋಡಿ. ಆಲ್ಫಾ ಕಣ ಸೆಕೆಂಡಿಗೆ ಸುಮಾರು 17,000 ಕಿಲೋಮೀಟರ್ ಓಡಿದರೆ, 53.5 ಪಟ್ಟು ಭಾರವಾದ ಸೀಸ ಸುಮಾರು 318 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಹೋಗುತ್ತದೆ. ಆಲ್ಫಾದ ವೇಗ ಬೆಳಕಿನ ವೇಗದ ನೂರರಲ್ಲಿ ಆರು ಭಾಗದಷ್ಟೂ ಇಲ್ಲದಿರುವುದರಿಂದ ಈ ಸರಳ ಸೂತ್ರವೇ ಸಾಕು, ಸಾಪೇಕ್ಷತೆಯ ತಿದ್ದುಪಡಿ ಬೇಕಿಲ್ಲ. ಸೀಸದ 0.112 ಆಲ್ಫಾದ ಮುಂದೆ ಅಲ್ಪವಾಗಿ ಕಾಣುತ್ತದೆ. ಆದರೆ ಅದು 1,12,000 ಎಲೆಕ್ಟ್ರಾನ್ ವೋಲ್ಟ್. ಒಂದು ಪರಮಾಣುವನ್ನು ಲೋಹದ ಮೇಲ್ಮೈಗೆ ಹಿಡಿದಿಡುವ ಬಂಧಕ್ಕೆ ಕೆಲವೇ ಎಲೆಕ್ಟ್ರಾನ್ ವೋಲ್ಟ್ ಸಾಕು. ಬ್ರೂಕ್ಸ್ ಅವರ ಪಾತ್ರೆಯ ಗೋಡೆಗೆ ವಿಕಿರಣಶೀಲತೆ ಅಂಟಿದ್ದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಖಚಿತಪಡಿಸಿದ್ದು 1909ರ ಪ್ರಯೋಗಗಳು. ಬರ್ಲಿನ್‌ನಲ್ಲಿ ಆಟೋ ಹಾನ್ ಮತ್ತು ಲೀಸ ಮೈಟ್ನರ್, ಇಂಗ್ಲೆಂಡಿನಲ್ಲಿ ರಸ್ ಮತ್ತು ಮಾಕೋವರ್ ಪರಮಾಣು ಹೀಗೆ ಹಿಂದಕ್ಕೆ ಚಿಮ್ಮುವ ಹಿನ್ನೆಗೆತವನ್ನು ತೋರಿಸಿದರು. ಹಿನ್ನೆಗೆದ ಪರಮಾಣು ಸಾಮಾನ್ಯ ಒತ್ತಡದ ಗಾಳಿಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ ಸಾಗಿ ನಿಂತುಬಿಡುತ್ತದೆ. ಆದ್ದರಿಂದ ಗಾಳಿಯನ್ನು ಹೊರತೆಗೆದು ಎದುರಿಗೆ ತಟ್ಟೆಯಿಟ್ಟು ಅದನ್ನು ಹಿಡಿಯಬೇಕಾಯಿತು. ಹಾನ್ ಮತ್ತು ಮೈಟ್ನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಾಸಾಯನಿಕಗಳ ನೆರವಿಲ್ಲದೆ ಒಂದು ವಿಕಿರಣಶೀಲ ವಸ್ತುವಿನಿಂದ ಅದರ ಮುಂದಿನ ವಸ್ತುವನ್ನು ಬೇರ್ಪಡಿಸಲು ಈ ಒದೆತವನ್ನೇ ಸಾಧನವಾಗಿ ಮಾಡಿಕೊಂಡರು. ನನಗೆ ಈ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ ಇದೇ.

ಎರಡು ಪಾಲನ್ನು ಮರೆತರೆ ಏನಾಗುತ್ತದೆ ಎಂಬುದು ಸ್ಪಷ್ಟವಾಗಿ ಕಾಣುವುದು ಬಿಸ್ಮತ್-212ರಲ್ಲಿ. 1929ರಲ್ಲಿ ಪ್ಯಾರಿಸಿನಲ್ಲಿ ಸಾಲೊಮನ್ ರೋಸೆನ್‌ಬ್ಲುಮ್ ದೊಡ್ಡ ವಿದ್ಯುತ್‌ಕಾಂತದಿಂದ ಅದರ ಆಲ್ಫಾ ಕಣಗಳನ್ನು ಬಾಗಿಸಿದಾಗ ಒಂದೇ ಎಂದುಕೊಂಡಿದ್ದ ಗೆರೆ ಹಲವಾಗಿ ಒಡೆದು ಕಂಡಿತು. ಉಳಿದ ನ್ಯೂಕ್ಲಿಯಸ್ ಕೆಲವೊಮ್ಮೆ ಉದ್ರೇಕಗೊಂಡ ಸ್ಥಿತಿಯಲ್ಲಿ ಉಳಿದು, ಆಮೇಲೆ ಗಾಮಾ ಕಿರಣ ಬಿಟ್ಟು ಶಾಂತವಾಗುತ್ತದೆ ಎಂದು ಮುಂದಿನ ವರ್ಷ ಭೌತವಿಜ್ಞಾನಿ ಗ್ಯಾಮೋವ್ ವಿವರಿಸಿದರು. ಹಾಗಾದರೆ ಎರಡು ಆಲ್ಫಾ ಗೆರೆಗಳ ಅಂತರ ಗಾಮಾ ಶಕ್ತಿಗೆ ಸಮನಾಗಬೇಕಲ್ಲವೇ? ಇಂದಿನ ಅಳತೆಗಳಲ್ಲಿ ಆ ಎರಡು ಮುಖ್ಯ ಗೆರೆಗಳು 6.0899 ಮತ್ತು 6.0508 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಅಂತರ 39.1 ಸಾವಿರ ಎಲೆಕ್ಟ್ರಾನ್ ವೋಲ್ಟ್. ಗಾಮಾ ಕಿರಣದ ಶಕ್ತಿಯಾದರೋ 39.86 ಸಾವಿರ. ಹೊಂದುತ್ತಿಲ್ಲ. ಆದರೆ ಅಂತರವನ್ನು 212/208ರಿಂದ ಗುಣಿಸಿ, ಹಿನ್ನೆಗೆತದ ಪಾಲನ್ನು ಮರಳಿ ಸೇರಿಸಿದರೆ 39.85 ಬರುತ್ತದೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಈ ಗುಣಾಕಾರ ಮುಗಿದಾಗ ಮಕ್ಕಳ ಮುಖ ಬದಲಾಗುವುದನ್ನು ನೋಡುವುದೇ ಒಂದು ಸಂತೋಷ.

ಈ ಹಂಚಿಕೆ ಇಷ್ಟು ಕರಾರುವಾಕ್ಕಾಗಿರುವುದಕ್ಕೆ ಕಾರಣ ಪಾಲುದಾರರು ಇಬ್ಬರೇ ಇರುವುದು. ಬೀಟಾ ಕ್ಷಯದಲ್ಲಿ ನ್ಯೂಟ್ರಿನೊ ಎಂಬ ಮೂರನೆಯ ಪಾಲುದಾರ ಇರುವುದರಿಂದ ಎಲೆಕ್ಟ್ರಾನ್‌ಗೆ ನಿಗದಿತ ಶಕ್ತಿ ಇರುವುದಿಲ್ಲ.

ಬ್ರೂಕ್ಸ್ ಅವರ ಗೋಡೆಯ ಮೇಲಿನ ಅಂಟು ಇಂದಿಗೂ ಪ್ರಯೋಗಶಾಲೆಗಳನ್ನು ಕಾಡುತ್ತದೆ. ನಿರ್ವಾತದಲ್ಲಿ ಆಲ್ಫಾ ಮೂಲವನ್ನು ಶೋಧಕದ ಹತ್ತಿರವಿಟ್ಟರೆ ಹಿನ್ನೆಗೆದ ನ್ಯೂಕ್ಲಿಯಸ್‌ಗಳು ಶೋಧಕದ ಮೇಲ್ಮೈಯೊಳಗೆ ಹೂತುಕೊಳ್ಳುತ್ತವೆ. ಮೂಲವನ್ನು ತೆಗೆದ ಮೇಲೂ ಶೋಧಕ ಎಣಿಸುತ್ತಲೇ ಇದ್ದರೆ ಅದು ಆಗಿದೆ ಎಂದು ತಿಳಿಯಬೇಕು. ಒರೆಸಿದರೆ ಹೋಗುವುದಿಲ್ಲ, ಏಕೆಂದರೆ ಅದು ಮೇಲೆ ಕುಳಿತ ಧೂಳಲ್ಲ. ಮೂಲದ ಮುಂದೆ ತೆಳುವಾದ ಪೊರೆ ಹಿಡಿದರೆ ಅಥವಾ ಒಳಗೆ ಸ್ವಲ್ಪ ಗಾಳಿ ಉಳಿಸಿದರೆ ಹಿನ್ನೆಗೆದ ನ್ಯೂಕ್ಲಿಯಸ್ ನಿಲ್ಲುತ್ತದೆ, ಆಲ್ಫಾ ದಾಟುತ್ತದೆ.

ಇನ್ನು ನಮ್ಮ ಬಂಡೆಗಳ ವಿಷಯ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಕರೆಯಲ್ಪಡುವ ಗ್ರಾನೈಟ್ ಪಟ್ಟಿ ಉತ್ತರಕ್ಕೆ ನಮ್ಮ ಸೀಮೆಯವರೆಗೂ ಬರುತ್ತದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಎಲ್ಲ ಗ್ರಾನೈಟಿನಂತೆ ಅದರಲ್ಲೂ ಅತ್ಯಲ್ಪ ಯುರೇನಿಯಂ ಇದೆ. ಯುರೇನಿಯಂ-238 ಆಲ್ಫಾ ಬಿಟ್ಟಾಗ ಹೊರಬರುವ ಶಕ್ತಿ 4.270 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಅದರಲ್ಲಿ 0.072 ಥೋರಿಯಂ-234ಕ್ಕೆ ಸೇರುತ್ತದೆ. ಗಟ್ಟಿ ಕಲ್ಲಿನಲ್ಲಿ ಅದು ಕೆಲವು ಹತ್ತು ನ್ಯಾನೋಮೀಟರ್ ಸಾಗಿ ನಿಲ್ಲುತ್ತದೆ. ಆದರೆ ಆ ಯುರೇನಿಯಂ ಹರಳಿನ ಅಂಚಿನಲ್ಲೇ ಇದ್ದರೆ ಅಷ್ಟು ದೂರವೇ ಸಾಕು. ಥೋರಿಯಂ ಬಿರುಕಿನ ನೀರಿಗೆ ಬೀಳಬಹುದು. 24 ದಿನಗಳ ಅರ್ಧಾಯುವಿನ ಅದು ಎರಡು ಬೀಟಾ ಕ್ಷಯಗಳ ನಂತರ ಯುರೇನಿಯಂ-234 ಆಗುತ್ತದೆ. ಕಲ್ಲಿನೊಳಗೇ ಉಳಿದದ್ದೂ ತನ್ನ ದಾರಿಯ ಹರಳನ್ನು ಕೆಡಿಸಿರುವುದರಿಂದ ಮುಂದೆ ಸುಲಭವಾಗಿ ಕರಗುತ್ತದೆ.

ಯಾರೂ ಮುಟ್ಟದ ಹಳೆಯ ಕಲ್ಲಿನೊಳಗೆ ಈ ಎರಡು ಯುರೇನಿಯಂಗಳ ವಿಕಿರಣಶೀಲತೆ ಸಮನಾಗಿರಬೇಕು. 1950ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೆರ್ಡಿಂಟ್ಸೆವ್ ಮತ್ತು ಸಂಗಡಿಗರು ನಿಸರ್ಗದಲ್ಲಿ ಈ ಸಮತೆ ತಪ್ಪಿರುವುದನ್ನು ಕಂಡರು. ಅಂತರ್ಜಲದಲ್ಲಿ ಯುರೇನಿಯಂ-234ರ ಪಾಲು ಹಲವೊಮ್ಮೆ ಹೆಚ್ಚಿರುತ್ತದೆ. ಎರಡೂ ಒಂದೇ ಧಾತು, ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಅವಳಿಗಳು. ಕರಗುವುದೊಂದೇ ಕಾರಣವಾಗಿದ್ದರೆ ಎರಡೂ ಒಟ್ಟಿಗೇ ನೀರಿಗಿಳಿಯಬೇಕಿತ್ತು. ಅವುಗಳಲ್ಲಿ ಒಂದು ಮಾತ್ರ ಹುಟ್ಟುವ ದಾರಿಯಲ್ಲಿ ಒದೆತ ತಿಂದಿದೆ.