ವಾರಂಟಿ ಕಾರ್ಡಿನ ಮೂರು ಮಾತು: ರಿಪೇರಿ, ಬದಲಿ, ಹಣ ವಾಪಸ್

ವಾರಂಟಿ ಕಾರ್ಡು ಎಷ್ಟೇ ಉದ್ದ ಇರಲಿ, ಅದರ ಜೀವ ಇರುವುದು ಒಂದೇ ವಾಕ್ಯದಲ್ಲಿ. ಇಂಗ್ಲಿಷ್ ಕಾರ್ಡುಗಳಲ್ಲಿ ಅದು ಹೆಚ್ಚುಕಮ್ಮಿ ಹೀಗಿರುತ್ತದೆ: ಇಷ್ಟು ತಿಂಗಳೊಳಗೆ ತಯಾರಿಕೆಯ ದೋಷ ಕಂಡುಬಂದರೆ ಕಂಪನಿಯು ‘ಅಟ್ ಇಟ್ಸ್ ಆಪ್ಷನ್’ ವಸ್ತುವನ್ನು ರಿಪೇರ್ ಮಾಡುತ್ತದೆ, ರಿಪ್ಲೇಸ್ ಮಾಡುತ್ತದೆ, ಇಲ್ಲವೇ ರೀಫಂಡ್ ಕೊಡುತ್ತದೆ.

ಇದು ಕನ್ನಡಕ್ಕೆ ಬರುವಾಗ ಹೀಗಾಗುವುದುಂಟು: ‘ದೋಷ ಕಂಡುಬಂದಲ್ಲಿ ಇಚ್ಛಾನುಸಾರ ದುರಸ್ತಿ, ಬದಲಾವಣೆ ಅಥವಾ ಮರುಪಾವತಿ ಮಾಡಲಾಗುವುದು.’ ಓದಲು ಅಚ್ಚುಕಟ್ಟಾಗಿದೆ. ಆದರೆ ಯಾರ ಇಚ್ಛೆ? ‘ಮಾಡಲಾಗುವುದು’ ಅಂದಾಗ ಮಾಡುವವರೇ ವಾಕ್ಯದಿಂದ ಮಾಯ. ಕೊಂಡವರು ಅದನ್ನು ತಮ್ಮ ಇಚ್ಛೆ ಎಂದೇ ಓದಿಕೊಳ್ಳುತ್ತಾರೆ, ಹಣ ಕೊಡಿ ಎಂದು ಕೇಳುತ್ತಾರೆ. ಮೂಲದಲ್ಲಿ ಆಯ್ಕೆ ಇರುವುದು ಕಂಪನಿಗೆ. ಹಾಗಾಗಿ ಇದನ್ನು ಎರಡು ವಾಕ್ಯ ಮಾಡುವುದೇ ಒಳ್ಳೆಯದು: ‘ಕಂಪನಿ ಈ ಮೂರರಲ್ಲಿ ಒಂದನ್ನು ಮಾಡುತ್ತದೆ. ಯಾವುದನ್ನು ಮಾಡಬೇಕು ಎಂಬುದನ್ನು ಕಂಪನಿಯೇ ತೀರ್ಮಾನಿಸುತ್ತದೆ.’

ಇನ್ನು ಆ ಮೂರು ಮಾತುಗಳು. ರಿಪೇರಿ ಅಂದರೆ ನೀವು ಕೊಂಡ ಅದೇ ವಸ್ತು ಸರಿಯಾಗಿ ನಿಮಗೆ ಮರಳುವುದು. ಇದರಲ್ಲಿ ಗೊಂದಲ ಕಡಿಮೆ. ಬಿಡಿಭಾಗ, ಕೂಲಿ, ಸಾಗಣೆ ಇವುಗಳ ಖರ್ಚು ಯಾರದ್ದು ಎಂದು ಮೂಲದಲ್ಲಿ ಹೇಳಿದ್ದರೆ ಅದನ್ನು ಬಿಡದೆ ತರಬೇಕು, ಅಷ್ಟೆ.

ಜಾಸ್ತಿ ಎಡವುವುದು ರಿಪ್ಲೇಸ್‌ಮೆಂಟ್ ಹತ್ತಿರ. ‘ಬದಲಾವಣೆ’ ಎಂದು ಬರೆದರೆ ಏನನ್ನು ಬದಲಿಸುತ್ತಾರೆ ಎಂಬುದು ತಿಳಿಯುವುದಿಲ್ಲ. ಕೆಟ್ಟ ಭಾಗವನ್ನು ತೆಗೆದು ಬೇರೆ ಭಾಗ ಹಾಕುವುದೂ ಬದಲಾವಣೆಯೇ, ಇಡೀ ವಸ್ತುವನ್ನು ಹಿಂಪಡೆದು ಇನ್ನೊಂದನ್ನು ಕೊಡುವುದೂ ಬದಲಾವಣೆಯೇ. ಭಾಗ ಬದಲಿಸುವುದು ನಿಜಕ್ಕೂ ರಿಪೇರಿಯ ಒಳಗಿನ ಕೆಲಸ. ಆದ್ದರಿಂದ ಕರ್ಮಪದವನ್ನು ಯಾವತ್ತೂ ಬಿಡಬಾರದು: ‘ಕೆಟ್ಟ ಭಾಗವನ್ನು ಬದಲಿಸುತ್ತದೆ’ ಅಥವಾ ‘ಇಡೀ ವಸ್ತುವಿನ ಬದಲಿಗೆ ಇನ್ನೊಂದನ್ನು ಕೊಡುತ್ತದೆ’. ಹಾಗೆ ಕೊಡುವ ವಸ್ತು ಹೊಸದೇ, ಅಥವಾ ಬಳಸಿದ್ದನ್ನು ಸರಿಪಡಿಸಿದ್ದೇ? ಮೂಲದಲ್ಲಿ ‘ರಿಫರ್ಬಿಶ್ಡ್’ ಎಂದಿದ್ದರೆ ಕನ್ನಡದಲ್ಲಿ ‘ಹೊಸ’ ಎಂಬ ಪದ ನುಸುಳಬಾರದು. ಮೂಲ ಏನೂ ಹೇಳದಿದ್ದರೆ ನಾವೂ ಸೇರಿಸಬಾರದು. ಕಾರ್ಡು ಬರೆಸಿದವರನ್ನೇ ಕೇಳಬೇಕು.

ರೀಫಂಡ್‌ಗೆ ‘ಮರುಪಾವತಿ’ ರೂಢಿಯಲ್ಲಿದೆ, ಆದರೆ ಸಾಲ ತೀರಿಸುವುದಕ್ಕೂ ಅದೇ ಪದ. ‘ಹಣ ವಾಪಸ್’ ಎಲ್ಲರಿಗೂ ಗೊತ್ತು, ಅದನ್ನೇ ಬಳಸಲು ಹಿಂಜರಿಯಬೇಕಿಲ್ಲ. ಇಲ್ಲಿ ಮುಖ್ಯವಾದದ್ದು ಎಷ್ಟು ಹಣ ಎಂಬುದು. ಕೊಂಡ ಬೆಲೆ ಪೂರ್ತಿಯೋ, ಬಳಸಿದ ಅವಧಿಗೆ ಕಳೆದು ಉಳಿದದ್ದೋ? ವಸ್ತುವನ್ನು ಹಿಂದಿರುಗಿಸಬೇಕು ಎಂಬ ಷರತ್ತಿದ್ದರೆ ಅದೂ ಈ ವಾಕ್ಯದ ಪಕ್ಕದಲ್ಲೇ ಇರಲಿ.

ಕ್ರಿಯಾಪದವೂ ಅಷ್ಟೇ ಮುಖ್ಯ. ‘ವಿಲ್’ ಅಥವಾ ‘ಶಲ್’ ಇದ್ದಲ್ಲಿ ಅದು ಹೊಣೆ: ‘ಕೊಡುತ್ತದೆ’. ‘ಮೇ’ ಇದ್ದಲ್ಲಿ ಅದು ಬರೀ ಅವಕಾಶ: ‘ಕೊಡಬಹುದು’. ಮಾತು ಮೃದುವಾಗಲಿ ಎಂದು ಸುಮ್ನೆ ‘ಬಹುದು’ ಹಾಕಿದರೆ ಕಂಪನಿಯ ಹೊಣೆಯೇ ಕಳಚಿಬೀಳುತ್ತದೆ. ಸರದಿಯೂ ಹಾಗೆಯೇ. ಕೆಲವು ಕಾರ್ಡುಗಳಲ್ಲಿ ಮೊದಲು ರಿಪೇರಿ, ಅದು ಆಗದಿದ್ದರೆ ಬದಲಿ, ಅದೂ ಆಗದಿದ್ದರೆ ಹಣ. ಈ ‘ಆಗದಿದ್ದರೆ’ಗಳ ಬದಲು ಅಲ್ಪವಿರಾಮ ಹಾಕಿಬಿಟ್ಟರೆ ಮೆಟ್ಟಿಲುಗಳೆಲ್ಲ ಒಂದೇ ಸಮತಟ್ಟಾಗುತ್ತವೆ.

ಒಂದು ಉದಾಹರಣೆ ನೋಡೋಣ. ವಾಷಿಂಗ್ ಮಷೀನಿಗೆ 24 ತಿಂಗಳ ವಾರಂಟಿ ಇದೆ ಅಂದುಕೊಳ್ಳಿ. 22 ತಿಂಗಳು ಮುಗಿದಾಗ ಮೋಟಾರ್ ಸುಟ್ಟಿತು, ಕಂಪನಿ ಬೇರೆ ಮೋಟಾರ್ ಹಾಕಿಕೊಟ್ಟಿತು. ಈ ಮೋಟಾರಿಗೆ ವಾರಂಟಿ ಎಲ್ಲಿಯವರೆಗೆ? ಕಾರ್ಡು ಹೇಳುತ್ತದೆ: ಮೂಲ ವಾರಂಟಿಯಲ್ಲಿ ಉಳಿದ ಅವಧಿ ಅಥವಾ 90 ದಿನ, ‘ವಿಚೆವರ್ ಈಸ್ ಲಾಂಗರ್’. ಉಳಿದದ್ದು 2 ತಿಂಗಳು, ಅಂದರೆ ಸುಮಾರು 60 ದಿನ. 90 ಅದಕ್ಕಿಂತ ಜಾಸ್ತಿ. ಹಾಗಾಗಿ ಮೋಟಾರಿಗೆ 90 ದಿನ, ಮಷೀನಿನ ಉಳಿದ ಭಾಗಗಳಿಗೆ 2 ತಿಂಗಳು ಮಾತ್ರ. ಕನ್ನಡದಲ್ಲಿ ‘ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು’ ಎಂದರೆ ಸಾಕು. ‘ಬದಲಾವಣೆಯ ನಂತರ ವಾರಂಟಿ ಮುಂದುವರಿಯುತ್ತದೆ’ ಎಂದು ಬರೆದರೆ ಓದುಗರು ಮತ್ತೆ 24 ತಿಂಗಳು ಸಿಕ್ಕಿತು ಎಂದುಕೊಂಡಾರು.

ಕಾರ್ಡಿನ ಕೊನೆಯಲ್ಲಿ ಇನ್ನೊಂದು ಸಾಲು ಇರುವುದುಂಟು: ಕಾನೂನು ಗ್ರಾಹಕರಿಗೆ ಕೊಟ್ಟ ಹಕ್ಕುಗಳಿಗೆ ಈ ವಾರಂಟಿಯಿಂದ ಧಕ್ಕೆಯಿಲ್ಲ. ಇದು ಔಪಚಾರಿಕ ಸಾಲು ಎಂದು ಬಿಡಬೇಡಿ. ಕಾರ್ಡಿನಲ್ಲಿ ರಿಪೇರಿ ಮಾತ್ರ ಇದ್ದರೂ ಕೊಂಡ ಕಡೆಯ ಕಾನೂನು ಬದಲಿ ವಸ್ತುವನ್ನೋ ಹಣವನ್ನೋ ಕೇಳುವ ಹಕ್ಕು ಕೊಟ್ಟಿರಬಹುದು. ಆ ಹಕ್ಕು ಇನ್ನೂ ಇದೆ ಎಂದು ಕಾರ್ಡಿನಲ್ಲಿ ಹೇಳುವುದು ಈ ಸಾಲೇ.